ಇಪ್ಪತ್ತು ಚೀಲದ ಲೆಕ್ಕ

ಮನೆ ಕಟ್ಟುವ ಕಾರ್ಯದಲ್ಲಿ ಅಂದಾಜಿನ ತಪ್ಪುಗಳು ಬಹುಮಟ್ಟಿಗೆ ಯಾರ ಕಣ್ಣಿಗೂ ಬೀಳದೆ ಸರಿದುಹೋಗುವುವು. ಇಟ್ಟಿಗೆ ಕಡಮೆಬಿದ್ದರೆ ಮರುದಿನ ಇನ್ನೊಂದು ಲಾರಿ ಬರುತ್ತದೆ. ಗಾರೆಗೆ ಮರಳು ಸಾಲದೆ ಹೋದರೆ ಆಳುಗಳು ಅಂದು ಗೋಡೆಯನ್ನು ಬಿಟ್ಟು ಮತ್ತಾವುದೋ ಕೆಲಸಕ್ಕೆ ಕೈಹಾಕುತ್ತಾರೆ. ಆದರೆ ಚಾವಣಿ ಹಾಕುವ ದಿನ, ನಮ್ಮ ಕಡೆಯ ಕೆಲಸಗಾರರ ಮಾತಿನಲ್ಲಿ ಹೇಳುವುದಾದರೆ ಮೋಲ್ಡ್ ಹಾಕುವ ದಿನ, ಹಾಗಲ್ಲ. ಅಂದು ಬೆಳಗ್ಗೆ ಪೂಜೆಯಾಗಿ, ಮಿಕ್ಸರ್ ಯಂತ್ರ ತಿರುಗಲಾರಂಭಿಸಿ, ಮೊದಲನೆಯ ಬಾಂಡ್ಲಿಯ ಕಾಂಕ್ರೀಟು ಕಂಬಿಗಳ ನಡುವೆ ಬಿದ್ದ ಮೇಲೆ, ಕೊನೆಯ ಮೂಲೆಯವರೆಗೆ ಕೆಲಸ ನಿಲ್ಲಬಾರದು. ಹಾಕಿದ ಅಂಚು ಗಟ್ಟಿಯಾಗಿಬಿಟ್ಟರೆ ಅದರ ಮಗ್ಗುಲಿಗೆ ಬೀಳುವ ಹೊಸ ಕಾಂಕ್ರೀಟು ಅದರೊಡನೆ ಏಕಶರೀರವಾಗದೆ, ಮುಂದೆ ಮಳೆಗಾಲದಲ್ಲಿ ನೀರು ಜಿನುಗುವ ಸಂದಿಗೆ ಎಡೆಯಾಗುವುದು. ಆದಕಾರಣ ಆ ದಿನದ ಅಂದಾಜು ತಪ್ಪಿದರೆ ಆ ತಪ್ಪು ಎಲ್ಲರೆದುರಿಗೆ, ಹಗಲು ಬೆಳಕಿನಲ್ಲಿ ಪ್ರಕಟವಾಗುತ್ತದೆ.

ಅಂಥದೊಂದು ತಪ್ಪಿನ ವೃತ್ತಾಂತವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ತಪ್ಪು ದೊಡ್ಡದೇನಲ್ಲ, ಅದರಿಂದ ಕಟ್ಟಡಕ್ಕೆ ಹಾನಿಯೂ ಆಗಲಿಲ್ಲ. ಆದರೆ ಅದನ್ನು ಹುಡುಕಿ ತೆಗೆದ ತರುಣ ಮೇಲ್ವಿಚಾರಕನು ಅನುಸರಿಸಿದ ಕ್ರಮವು ಮನೆ ಕಟ್ಟಿಸುವ ಪ್ರತಿಯೊಬ್ಬರಿಗೂ ತಿಳಿದಿರತಕ್ಕದ್ದೆಂದು ನನ್ನ ಅಭಿಪ್ರಾಯ.

ಒಂದು ತಾಲ್ಲೂಕು ಪಟ್ಟಣದ ಹೊಸ ಬಡಾವಣೆ. ನಿವೇಶನ, ನಮ್ಮ ನಾಡಿನಲ್ಲೆಲ್ಲ ವಾಡಿಕೆಯಲ್ಲಿರುವ ಮೂವತ್ತು ನಲವತ್ತು ಅಡಿಯದು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಆ ಯುವಕನಿಗೆ, ಸ್ವತಂತ್ರವಾಗಿ ಅಂದಾಜು ಹಾಕಿ ಸಾಮಗ್ರಿ ತರಿಸುವ ಹೊಣೆ ಬಂದದ್ದು ಇದೇ ಮೊದಲು. ನೆಲ ಅಂತಸ್ತಿನ ಚಾವಣಿಯ ಅಳತೆ 8 ಮೀಟರ್ ಅಗಲ, 10.5 ಮೀಟರ್ ಉದ್ದ. ಮೆಟ್ಟಿಲಿಗಾಗಿ ಬಿಟ್ಟ 4 ಚದರ ಮೀಟರ್ ತೆರಪನ್ನು ಕಳೆದರೆ ಉಳಿಯುವುದು 80 ಚದರ ಮೀಟರ್. ದಪ್ಪ 125 ಮಿಲಿಮೀಟರ್, ಅಂದರೆ ಐದು ಅಂಗುಲ. ಉದ್ದಕ್ಕೆ ಮೂರು ಸಾಲು, ಅಡ್ಡಕ್ಕೆ ನಾಲ್ಕು ಸಾಲು ತೊಲೆಗಳು. ಕೆಲಸಗಾರರು ಬೀಮ್ ಎನ್ನುವುದು ಇವನ್ನೇ. ಅಡ್ಡಹಾಯುವೆಡೆಗಳನ್ನು ಒಮ್ಮೆ ಮಾತ್ರ ಎಣಿಸಿದರೆ ತೊಲೆಗಳ ಒಟ್ಟು ಉದ್ದ ಸುಮಾರು 60 ಮೀಟರ್. ತೊಲೆಯ ಅಗಲ 230 ಮಿಲಿಮೀಟರ್, ಒಟ್ಟು ಆಳ 450.

ಈ ಅಳತೆಗಳಿಂದ ಅವನು ಕಾಂಕ್ರೀಟಿನ ಗಾತ್ರವನ್ನು ಗುಣಿಸಿ, ವ್ಯರ್ಥವಾಗುವುದಕ್ಕೆಂದು ನೂರಕ್ಕೆ ಮೂರರಷ್ಟನ್ನು ಕೂಡಿಸಿ, 13.1 ಘನ ಮೀಟರ್ ಎಂದು ನಿಶ್ಚಯಿಸಿದನು. ಅದಕ್ಕೆ 105 ಚೀಲ ಸಿಮೆಂಟು. ಚೀಲಗಳು ಬಂದವು; ಎಂ-ಸ್ಯಾಂಡ್ ಮತ್ತು ಜಲ್ಲಿ ಟಿಪ್ಪರಿನಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿಯೇ ಬಂದವು. ಬೆಳಗ್ಗೆ ಏಳಕ್ಕೆ ಆರಂಭವಾದ ಕೆಲಸ ಮಧ್ಯಾಹ್ನ ಮೂರರ ಸುಮಾರಿಗೆ ನಿಂತಿತು. ಚೀಲಗಳೆಲ್ಲ ಬರಿದಾಗಿದ್ದವು, ಈಶಾನ್ಯದ ಕೋಣೆಯ ಮೇಲೆ 13 ಚದರ ಮೀಟರಿನಷ್ಟು ಜಾಗದಲ್ಲಿ ಕಂಬಿಯ ಬಲೆ ಇನ್ನೂ ಬಯಲಾಗಿಯೇ ಇತ್ತು.

ಆ ಹೊತ್ತಿನಲ್ಲಿ ಕೆಲಸವನ್ನು ಕಾಪಾಡಿದವನು ಮೇಸ್ತ್ರಿ. ಸಾಮಗ್ರಿ ಮುಗಿದಲ್ಲಿಗೆ ಕಾಂಕ್ರೀಟನ್ನು ಇಳಿಜಾರಾಗಿ ಹರಿಯಬಿಟ್ಟು ನಿಲ್ಲಿಸುವುದು ಅವಿವೇಕ. ಅಂಥ ಇಳಿಜಾರಿನ ತುದಿ ತೆಳುವಾಗಿ, ಬೇಗ ಒಣಗಿ, ದುರ್ಬಲವಾದ ಪದರವಾಗಿ ಉಳಿದುಬಿಡುತ್ತದೆ. ಮೇಸ್ತ್ರಿಯು ಎರಡು ತೊಲೆಗಳ ನಡುವಣ ಅಂತರವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ, ಕತ್ತರಿಸುವ ಬಲ ಅತ್ಯಲ್ಪವಾಗಿರುವ ನಡುಪಾಲಿನಲ್ಲಿ ಹಲಗೆಯೊಂದನ್ನು ನೇರವಾಗಿ ನಿಲ್ಲಿಸಿ, ಅದಕ್ಕೆ ಒತ್ತಿ ಕಾಂಕ್ರೀಟನ್ನು ಮುಗಿಸಿದನು. ಅಂಗಡಿಯಿಂದ ಗೂಡ್ಸ್ ಆಟೋದಲ್ಲಿ ಇನ್ನೂ 20 ಚೀಲ ಬಂದುವು. ಹಲಗೆ ತೆಗೆದು, ಅಂಚಿನ ಮೇಲೆ ತೇಲಿ ನಿಂತಿದ್ದ ಸಿಮೆಂಟಿನ ಹಾಲನ್ನು ತಂತಿಯ ಬ್ರಷ್ಷಿನಿಂದ ಕೆರೆದು, ನೀರು ಚಿಮುಕಿಸಿ, ಸಿಮೆಂಟಿನ ತಿಳಿಯನ್ನು ಬಳಿದು ಉಳಿದ ಭಾಗವನ್ನು ಹಾಕಿದರು. ಇಪ್ಪತ್ತು ಚೀಲಗಳೂ ಸಂದುಹೋದುವು, ಒಂದೂ ಮಿಗಲಿಲ್ಲ.

ಕೆಲಸ ಮುಗಿಯಿತು, ಸಂಶಯ ಮುಗಿಯಲಿಲ್ಲ. ಮನೆಯೊಡೆಯನು ಯುವಕನನ್ನು ಪಕ್ಕಕ್ಕೆ ಕರೆದು, “ಏನಪ್ಪಾ, ಇಪ್ಪತ್ತು ಚೀಲ ಅಂದರೆ ಸುಮ್ಮನೆ ಹೋಗುತ್ತಾ? ರಾತ್ರಿ ಇಲ್ಲಿ ಯಾರು ಮಲಗಿದ್ದರು?” ಎಂದು ಕೇಳಿದನು. ಮಾತು ಮೇಸ್ತ್ರಿಯ ಕಿವಿಗೂ ಬಿತ್ತು. ಆತ ಬೇರೇನೂ ಹೇಳದೆ, “ಸಾರ್, ಬರೀ ಚೀಲ ಎಲ್ಲಾ ಅಲ್ಲೇ ಕಟ್ಟಿಟ್ಟಿದೀನಿ, ಎಣಿಸಿಕೊಳ್ಳಿ” ಎಂದನು.

ಮುಂದಿನ ಕ್ರಮವೆಲ್ಲ ಈ ಒಂದು ಮಾತಿನಿಂದ ಹೊರಟಿತು. ಯುವಕನಿಗೆ ಹೊಳೆದದ್ದೇನೆಂದರೆ, ಯಾರ ತಪ್ಪೆಂದು ಕೇಳುವುದಕ್ಕೆ ಮೊದಲು ತಪ್ಪು ಎಷ್ಟೆಂದು ತಿಳಿಯಬೇಕು. “ಸ್ವಲ್ಪ ಕಡಮೆಬಿತ್ತು” ಎಂಬ ಮಾತಿಗೆ ನೂರು ಕಾರಣಗಳನ್ನು ಹೊಂದಿಸಬಹುದು. ಆದರೆ ಕೊರತೆಯನ್ನು ಒಂದು ಅಂಕಿಯಾಗಿ ಬರೆದಿಟ್ಟುಕೊಂಡರೆ, ಆ ಅಂಕಿಗೆ ಸರಿಹೊಂದುವ ಕಾರಣಗಳು ಒಂದೋ ಎರಡೋ ಮಾತ್ರ ಉಳಿಯುವುವು.

ಚೀಲವನ್ನು ಗಾತ್ರವಾಗಿ ಪರಿವರ್ತಿಸುವ ಲೆಕ್ಕವನ್ನು ಇಲ್ಲಿ ಸ್ವಲ್ಪ ವಿಶದಪಡಿಸುವುದು ಅವಶ್ಯ. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ, ಇದು ಇಂಥ ಮನೆಗಳ ಚಾವಣಿಗೆ ರೂಢಿಯಲ್ಲಿರುವ ಮಿಶ್ರಣ. ಆದರೆ ಈ ಐದೂವರೆ ಪಾಲು ಒಣ ಸಾಮಗ್ರಿಯಿಂದ ಐದೂವರೆ ಪಾಲು ಕಾಂಕ್ರೀಟು ಸಿಗುವುದಿಲ್ಲ. ನೆಲ್ಲಿಕಾಯಿ ತುಂಬಿದ ಗಡಿಗೆಗೆ ರಾಗಿ ಸುರಿದರೆ ರಾಗಿಯು ಸಂದಿಗಳಲ್ಲಿ ಇಳಿದುಹೋಗುವಂತೆ, ಜಲ್ಲಿಯ ಸಂದಿಗಳಲ್ಲಿ ಮರಳೂ ಮರಳಿನ ಸಂದಿಗಳಲ್ಲಿ ಸಿಮೆಂಟೂ ಇಳಿದು ಒಟ್ಟು ಗಾತ್ರ ಕುಗ್ಗುತ್ತದೆ. ಒಂದು ಘನ ಮೀಟರ್ ಹಸಿ ಕಾಂಕ್ರೀಟಿಗೆ ಸುಮಾರು 1.54 ಘನ ಮೀಟರ್ ಒಣ ಸಾಮಗ್ರಿ ಬೇಕೆಂಬುದು ಎಂಜಿನಿಯರುಗಳು ಬಳಸುವ ಲೆಕ್ಕ. ಅದನ್ನು ಐದೂವರೆಯಿಂದ ಭಾಗಿಸಿದರೆ ಸಿಮೆಂಟಿನ ಪಾಲು 0.28 ಘನ ಮೀಟರ್. ಘನ ಮೀಟರೊಂದಕ್ಕೆ 1440 ಕಿಲೋಗ್ರಾಮಿನಂತೆ ಸುಮಾರು 403 ಕಿಲೋಗ್ರಾಮು, ಅಂದರೆ 50 ಕಿಲೋಗ್ರಾಮಿನ ಎಂಟು ಚೀಲ. ಹೀಗೆ ಎಂಟು ಚೀಲಕ್ಕೆ ಒಂದು ಘನ ಮೀಟರ್, ಒಂದು ಚೀಲಕ್ಕೆ ಅದರ ಎಂಟನೆಯ ಒಂದು ಪಾಲು. ಆ ಎಂಟನೆಯ ಒಂದು ಪಾಲನ್ನು ಐದು ಅಂಗುಲ ದಪ್ಪವಾಗಿ ಹರಡಿದರೆ ಸರಿಯಾಗಿ ಒಂದು ಚದರ ಮೀಟರ್ ಆವರಿಸುತ್ತದೆ. ಐದು ಅಂಗುಲದ ಚಾವಣಿಗೆ ಚದರ ಮೀಟರೊಂದಕ್ಕೆ ಒಂದು ಚೀಲ: ಇದಕ್ಕಿಂತ ಸುಲಭವಾಗಿ ನೆನಪಿನಲ್ಲಿ ನಿಲ್ಲುವ ಸೂತ್ರ ಈ ವೃತ್ತಿಯಲ್ಲಿ ಮತ್ತೊಂದಿಲ್ಲ.

ಖಾಲಿ ಚೀಲಗಳನ್ನು ಎಣಿಸಿದಾಗ 125 ಸಿಕ್ಕಿದುವು. ಮಿಕ್ಸರಿನ ಬಳಿಯ ಗೋಡೆಯ ಮೇಲೆ, ಒಂದೊಂದು ಸಲ ಕಲಸಿದಾಗಲೂ ಇದ್ದಿಲಿನಿಂದ ಎಳೆದಿದ್ದ ಗೀಟುಗಳು, ನಾಲ್ಕು ನಿಲುವು ಗೀಟಿಗೆ ಒಂದು ಅಡ್ಡಗೀಟಿನಂತೆ, ಇಪ್ಪತ್ತೈದು ಕಟ್ಟುಗಳಿದ್ದುವು, ಅವೂ 125. ಅಂಗಡಿಯ ಬಿಲ್ಲುಗಳ ಮೊತ್ತವೂ ಅಷ್ಟೇ. ಮೂರು ಸಾಕ್ಷಿಗಳು ಒಂದೇ ಮಾತನ್ನಾಡಿದ ಮೇಲೆ ಕಳವಿನ ಪ್ರಶ್ನೆ ಅಲ್ಲಿಗೆ ನಿಂತಿತು. ಚಾವಣಿಗೆ ಹೋದ ಕಾಂಕ್ರೀಟು 125ನ್ನು ಎಂಟರಿಂದ ಭಾಗಿಸಿದಷ್ಟು, ಅಂದರೆ 15.6 ಘನ ಮೀಟರ್, ಅಂದಾಜು 13.1. ವ್ಯತ್ಯಾಸ 2.5 ಘನ ಮೀಟರ್, ಇಪ್ಪತ್ತು ಚೀಲ, ಒಟ್ಟಿನಲ್ಲಿ ನೂರಕ್ಕೆ ಹದಿನಾರು.

ಈ ಹದಿನಾರು ಎಂಬ ಅಂಕಿಯೇ ಕೆಲವು ಕಾರಣಗಳನ್ನು ತಾನಾಗಿ ತಳ್ಳಿಹಾಕಿತು. ಒಣ ಸಾಮಗ್ರಿ ಕುಗ್ಗುವುದೆಂಬುದನ್ನು ಮರೆಯುವುದು ಹೊಸಬರ ಸಾಮಾನ್ಯ ಪ್ರಮಾದ. ಹಾಗೆ ಮರೆತಿದ್ದರೆ ಕೊರತೆ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿರುತ್ತಿತ್ತು. ಚಾವಣಿಯನ್ನು ಮಾತ್ರ ಲೆಕ್ಕ ಹಾಕಿ ತೊಲೆಗಳನ್ನು ಪೂರ್ತಿಯಾಗಿ ಬಿಟ್ಟಿದ್ದರೆ ಕೊರತೆ ನೂರಕ್ಕೆ ಮೂವತ್ತಕ್ಕೂ ಮೇಲೇರುತ್ತಿತ್ತು. ಬಾಂಡ್ಲಿಯಿಂದ ಸುರಿದದ್ದು, ಮಿಕ್ಸರಿನಲ್ಲಿ ಅಂಟಿದ್ದು, ಹಲಗೆಯ ಸಂದಿಯಿಂದ ಸೋರಿದ್ದು, ಇವೆಲ್ಲ ಸೇರಿ ಎರಡು ಮೂರನ್ನು ದಾಟುವುದು ವಿರಳ. ಹದಿನಾರಕ್ಕೆ ತಕ್ಕ ಕಾರಣವನ್ನು ಬೇರೆಡೆಯಲ್ಲಿ ಅರಸಬೇಕಾಯಿತು.

ಉಳಿದ ಶಂಕೆಗಳಲ್ಲಿ ಮೊದಲನೆಯದು ಮಿಶ್ರಣ. ಅಳತೆಯ ಪೆಟ್ಟಿಗೆಯನ್ನು ತಲೆಮಟ್ಟ ತುಂಬದೆ ಮರಳು ಜಲ್ಲಿಗಳನ್ನು ಕಡಮೆ ಹಾಕಿದ್ದರೆ, ಚೀಲ 125 ಖರ್ಚಾದರೂ ಕಾಂಕ್ರೀಟು ಮಾತ್ರ 15.6 ಘನ ಮೀಟರ್ ಆಗಿರದು. ಆಗ ಅಂದಾಜು ಸರಿಯಾಗಿದ್ದು, ಕೈಕೆಲಸವೇ ತಪ್ಪಾಗಿರಬಹುದು. ಇದನ್ನು ಪರೀಕ್ಷಿಸಲು ಅವನು ಮಾಡಿದ ಉಪಾಯ ಸರಳವಾದುದು. ಗೇಟಿನ ಬಳಿ ಹೇಗೂ ಕಾಂಕ್ರೀಟಿನ ನೆಲಗಟ್ಟು ಹಾಕಬೇಕಾಗಿತ್ತು. ಅಲ್ಲಿ ಒಂದು ಮೀಟರ್ ಚೌಕದ ಹಲಗೆಯ ಚೌಕಟ್ಟನ್ನು ಸಮನಾದ ನೆಲದ ಮೇಲಿಟ್ಟು, ಅದೇ ಆಳುಗಳಿಂದ, ಅದೇ ಪೆಟ್ಟಿಗೆಯಿಂದ, ಏನೂ ಹೇಳಿಕೊಡದೆ ಒಂದು ಚೀಲದ ಕಾಂಕ್ರೀಟನ್ನು ಕಲಸಿಸಿ ತುಂಬಿಸಿದನು. ಮಟ್ಟ ಮಾಡಿ, ಉಕ್ಕಿನ ಅಳತೆಪಟ್ಟಿಯನ್ನು ನಾಲ್ಕು ಮೂಲೆಗಳಲ್ಲೂ ನಡುವೆಯೂ ಇಳಿಸಿ ನೋಡಿದಾಗ ದಪ್ಪ 12.4 ಸೆಂಟಿಮೀಟರ್. ಮಿಶ್ರಣದ ಗಾತ್ರವು ನೂರಕ್ಕೆ ಹದಿನಾರು ಕಡಮೆಬಿದ್ದಿದ್ದಲ್ಲಿ ಅದು ಹತ್ತೂವರೆಯ ಹತ್ತಿರ ನಿಲ್ಲಬೇಕಾಗಿತ್ತು. ಮೇಸ್ತ್ರಿಯ ಕೈ ಪ್ರಾಮಾಣಿಕವಾಗಿತ್ತು. ಕಾಂಕ್ರೀಟು ನಿಜವಾಗಿಯೂ 15.6 ಘನ ಮೀಟರ್ ಆಗಿತ್ತು. ಅಷ್ಟೂ ಆ ಅಚ್ಚಿನೊಳಗೆ ಹಿಡಿದಿತ್ತು. ಅಂದಮೇಲೆ, ಒಂದೋ ಅಚ್ಚು ನಕ್ಷೆಗಿಂತ ದೊಡ್ಡದಾಗಿರಬೇಕು, ಇಲ್ಲವೆ ಕಾಗದದ ಲೆಕ್ಕವು ನಕ್ಷೆಗಿಂತ ಚಿಕ್ಕದಾಗಿರಬೇಕು.

ಅಚ್ಚು ದೊಡ್ಡದಾಗುವುದು ಹೇಗೆ? ದಪ್ಪದಲ್ಲಿ. ನೂರು ಚದರ ಮೀಟರಿನ ಚಾವಣಿಯ ಮೇಲೆ ಒಂದು ಸೆಂಟಿಮೀಟರ್ ಹೆಚ್ಚು ದಪ್ಪವೆಂದರೆ ಪೂರ್ತಿ ಒಂದು ಘನ ಮೀಟರ್, ಎಂಟು ಚೀಲ. ಕಿರುಬೆರಳಿನ ಅಗಲಕ್ಕೂ ಸಾಲದ ಈ ಅಂತರವು ಹಾಕುವಾಗ ಯಾರ ಕಣ್ಣಿಗೂ ಕಾಣದು. ಯುವಕನು ಮೊದಲು ಹೊರಗಿನ ಅಂಚುಗಳಲ್ಲೂ ಮೆಟ್ಟಿಲ ತೆರಪಿನ ಅಂಚಿನಲ್ಲೂ ದಪ್ಪವನ್ನು ಅಳೆದನು. 125, 126, ಒಂದೆರಡು ಕಡೆ 128. ಇಲ್ಲಿಗೆ ದಪ್ಪ ಸರಿಯಾಗಿದೆಯೆಂದು ತೀರ್ಮಾನಿಸಿಬಿಟ್ಟಿದ್ದರೆ ಅವನು ಮೋಸಹೋಗುತ್ತಿದ್ದನು. ಏಕೆಂದರೆ ಅಂಚುಗಳು ಯಾವಾಗಲೂ ಸರಿಯಾಗಿಯೇ ಇರುವುವು. ಅಲ್ಲಿ ಅಳತೆಗೆ ಕೊಯ್ದ ಹಲಗೆಯೇ ದಪ್ಪವನ್ನು ನಿರ್ಣಯಿಸುತ್ತದೆ, ಮೇಲಾಗಿ ಅಂಚಿನ ಕೆಳಗೆ ಬಲವಾದ ತೊಲೆಯಿರುತ್ತದೆ. ತಪ್ಪು ಇರುವುದಾದರೆ ಕೋಣೆಯ ನಡುಭಾಗದಲ್ಲಿ, ಅಳತೆಪಟ್ಟಿ ಹೋಗಲಾರದ ಕಡೆ ಇರಬೇಕು.

ನಡುಭಾಗದ ದಪ್ಪವನ್ನು ಕೊರೆಯದೆ ತಿಳಿಯಬೇಕಾದರೆ ಮೇಲ್ಮೈಯನ್ನೂ ಕೆಳಮೈಯನ್ನೂ ಬೇರೆಬೇರೆಯಾಗಿ ನೋಡಬೇಕು. ಮೇಲ್ಮೈಗೆ ಅವನಿಗೊದಗಿದ ಸಾಧನ ನೀರು. ಚಾವಣಿ ಹದವಾಗಲೆಂದು ಅದರ ಮೇಲೆ ಗಾರೆಯ ಚಿಕ್ಕ ಕಟ್ಟೆಗಳನ್ನು ಕಟ್ಟಿ ಮಡಿಮಡಿಯಾಗಿ ನೀರು ನಿಲ್ಲಿಸಿದ್ದರು. ನಿಂತ ನೀರಿನ ಮಟ್ಟ ಸಮವಾಗಿರುವುದರಿಂದ, ಒಂದೊಂದು ಮಡಿಯಲ್ಲೂ ನೀರಿನ ಆಳವನ್ನು ಅಳೆದರೆ ಮೇಲ್ಮೈಯ ಏರುತಗ್ಗು ಗೊತ್ತಾಗುವುದು. ತೊಲೆಯ ಮೇಲೂ ಕೋಣೆಯ ನಡುವೆಯೂ ಆಳ ಹೆಚ್ಚುಕಡಮೆ ಒಂದೇ ಇತ್ತು, ಮೇಲ್ಮೈ ಮಟ್ಟವಾಗಿತ್ತು. ಕೆಳಮೈಗಾಗಿ ಕಾಯಬೇಕಾಯಿತು. ತೊಲೆಗಳ ಊರೆಗಳನ್ನು ಹದಿನಾಲ್ಕು ದಿನ ಕಳೆಯುವ ಮುನ್ನ ತೆಗೆಯಲಾಗದು. ಆ ಬಳಿಕ ಸೆಂಟ್ರಿಂಗಿನ ತಗಡುಗಳನ್ನು ಇಳಿಸಿ, ಕೋಣೆಯ ಒಂದು ತೊಲೆಯ ಮಗ್ಗುಲಿನಿಂದ ಎದುರು ತೊಲೆಯ ಮಗ್ಗುಲಿಗೆ, ಚಾವಣಿಯ ಕೆಳಮೈಗೆ ಸಮನಾಗಿ ಬಿಗಿದ ದಾರವನ್ನು ಕಟ್ಟಲು ನೋಡಿದಾಗ, ದಾರವು ನೇರವಾಗಿ ಹೋಗಲಿಲ್ಲ. ನಡುವೆ ಚಾವಣಿಯೇ ಅದಕ್ಕೆ ತಾಗಿತು. ಎರಡು ತುದಿಗಳನ್ನೂ 30 ಮಿಲಿಮೀಟರ್ ಕೆಳಗಿಳಿಸಿ ಕಟ್ಟಿ ಅಳೆದರೆ, ತುದಿಯಲ್ಲಿ 30 ಇದ್ದ ಅಂತರ ಕೋಣೆಯ ನಡುವೆ 12ಕ್ಕೆ ಇಳಿದಿತ್ತು. ಕೆಳಮೈ ಅಲ್ಲಿ 18 ಮಿಲಿಮೀಟರ್ ಜೋತಿತ್ತು.

ಕಾರಣವು ಊರೆಗಳ ಬುಡದಲ್ಲಿತ್ತು. ಪಾಯ ತುಂಬಿದ ಮಣ್ಣನ್ನು ಸರಿಯಾಗಿ ದಮ್ಮಸು ಮಾಡದೆ, ಊರೆಯ ಅಡಿಗೆ ಹಲಗೆಯನ್ನೂ ಇಡದೆ, ನೀಲಗಿರಿ ಕಂಬಗಳನ್ನು ನೇರವಾಗಿ ನೆಲಕ್ಕೂರಿದ್ದರು. ಕಾಂಕ್ರೀಟಿನ ತೂಕ ಬಿದ್ದಂತೆಲ್ಲ, ಮೇಲಿನಿಂದ ಸೋರಿದ ನೀರಿಗೆ ಮಣ್ಣು ಮೆತ್ತಗಾದಂತೆಲ್ಲ ಕಂಬಗಳು ಸ್ವಲ್ಪಸ್ವಲ್ಪವಾಗಿ ಇಳಿದವು. ಮೇಲೆ ಮಟ್ಟ ಮಾಡುವವನು ದಾರಕ್ಕೆ ಸರಿಯಾಗಿ ಮಟ್ಟ ಮಾಡುತ್ತ ಹೋದುದರಿಂದ, ಕೆಳಗೆ ಇಳಿದಷ್ಟನ್ನೂ ಕಾಂಕ್ರೀಟು ತುಂಬಿಕೊಂಡಿತು. ಆರು ಅಂಕಣಗಳಲ್ಲೂ ಹೀಗೆ ಹಲವು ಬಿಂದುಗಳಲ್ಲಿ ಅಳೆದು ಸರಾಸರಿ ತೆಗೆದಾಗ ಹೆಚ್ಚಿನ ದಪ್ಪ 10 ಮಿಲಿಮೀಟರ್ ಎಂದು ಬಂದಿತು. 80 ಚದರ ಮೀಟರಿಗೆ ಇದು 0.8 ಘನ ಮೀಟರ್. ಇದರಿಂದ ಚಾವಣಿ ಬಲವಾಯಿತೆಂದು ಯಾರೂ ಸಮಾಧಾನಪಡಬೇಕಾಗಿಲ್ಲ. ನಕ್ಷೆ ಬರೆದವನು ಎಣಿಸದಿದ್ದ ಎರಡು ಟನ್ನಿನ ಭಾರವನ್ನು ತೊಲೆಗಳು ಇನ್ನು ಶಾಶ್ವತವಾಗಿ ಹೊರಬೇಕು. ಇಷ್ಟರಿಂದ ಅಪಾಯವಿಲ್ಲವೆಂದು ನಕ್ಷೆಯ ಎಂಜಿನಿಯರು ನೋಡಿ ಹೇಳಿದ ಮೇಲೆಯೇ ಗೋಡೆಯ ಕೆಲಸ ಮುಂದುವರಿದದ್ದು.

ಹಲವರು ತಮ್ಮ ಅನ್ವೇಷಣೆಯನ್ನು ಇಲ್ಲಿಗೆ ನಿಲ್ಲಿಸುವರು. ದೋಷವೊಂದು ಕಣ್ಣಿಗೆ ಕಂಡಿದೆ, ಅದು ಸೆಂಟ್ರಿಂಗಿನವನದು, ಕೊರತೆಗೆ ಅದೇ ಕಾರಣವೆಂದು ಹೇಳಿದರೆ ಎಲ್ಲರೂ ಒಪ್ಪುವರು. ಆದರೆ ಯುವಕನ ಬಳಿ ಅಂಕಿಯಿತ್ತು. ಕೊರತೆ 2.5, ಜೋತ ಚಾವಣಿ ನುಂಗಿದ್ದು 0.8, ಇನ್ನೂ 1.7 ಘನ ಮೀಟರಿಗೆ ಲೆಕ್ಕ ಸಿಕ್ಕಿರಲಿಲ್ಲ. ಸಿಕ್ಕಿದ ಕಾರಣ ನಿಜವಾದುದೇ ಆದರೂ ಸಾಲದು ಎಂಬುದನ್ನು ಆ ಶೇಷವೇ ಸಾರುತ್ತಿತ್ತು.

ಅಂದಿನ ರಾತ್ರಿ ಅವನು ನಕ್ಷೆಯನ್ನು ಹರಡಿಕೊಂಡು ಕುಳಿತು ಪ್ರಶ್ನೆಯನ್ನು ತಿರುವುಮುರುವಾಗಿ ಕೇಳಿಕೊಂಡನು: ಈ ನಕ್ಷೆಯಲ್ಲಿರುವ ಯಾವ ಎರಡು ಮೂರು ಅಳತೆಗಳನ್ನು ಗುಣಿಸಿದರೆ 1.7 ಬರುತ್ತದೆ? ಚಾವಣಿಯ ವಿಸ್ತೀರ್ಣದಿಂದ ಭಾಗಿಸಿದರೆ 21 ಮಿಲಿಮೀಟರ್ ಬಂದಿತು. ಆ ಅಳತೆ ನಕ್ಷೆಯಲ್ಲಿ ಎಲ್ಲಿಯೂ ಇಲ್ಲ. ಅನಂತರ ತೊಲೆಗಳನ್ನು ಹಿಡಿದನು. 60 ಮೀಟರ್ ಉದ್ದ, 0.23 ಮೀಟರ್ ಅಗಲ, ಗುಣಿಸಿದರೆ 13.8 ಚದರ ಮೀಟರ್. 1.7ನ್ನು 13.8ರಿಂದ ಭಾಗಿಸಿದರೆ 0.123 ಮೀಟರ್. ಸಂಖ್ಯೆಯನ್ನು ನೋಡಿದೊಡನೆ ಅವನು ತಡೆದನು. ಮೂರು ಅಂಕಿಯವರೆಗೆ ಖಚಿತವಾಗಿ ಹೇಳುವಷ್ಟು ಅವನ ಅಳತೆಗಳು ಸೂಕ್ಷ್ಮವಾಗಿರಲಿಲ್ಲ. ಆದಕಾರಣ 123 ಎಂಬುದು 125ಕ್ಕೆ ಸಮನೆಂದೇ ಎಣಿಸಬೇಕು. 125 ಚಾವಣಿಯ ದಪ್ಪ. ತೊಲೆಗಳ ಲೆಕ್ಕದಲ್ಲಿ ಸರಿಯಾಗಿ ಒಂದು ಚಾವಣಿಯ ದಪ್ಪದಷ್ಟು ಆಳ ಎಲ್ಲಿಯೋ ಕಳೆದುಹೋಗಿತ್ತು.

ತೊಲೆ 450 ಮಿಲಿಮೀಟರ್ ಆಳವೆಂದು ನಕ್ಷೆಯಲ್ಲಿ ಬರೆದಿದ್ದರೆ ಅದು ಚಾವಣಿಯ ಮೇಲ್ಮೈಯಿಂದ ತೊಲೆಯ ತಳದವರೆಗೆ. ಅದರಲ್ಲಿ ಮೇಲಿನ 125 ಚಾವಣಿಗೂ ತೊಲೆಗೂ ಸಾಮಾನ್ಯವಾದುದು. ಚಾವಣಿಯ ಲೆಕ್ಕದಲ್ಲಿ ಅದು ಆಗಲೇ ಸೇರಿಹೋಗಿರುವುದರಿಂದ ತೊಲೆಯ ಲೆಕ್ಕಕ್ಕೆ ಕೆಳಗಿನ 325 ಮಾತ್ರ ಹಿಡಿಯಬೇಕು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಟಿಪ್ಪಣಿ ಪುಸ್ತಕದಲ್ಲಿ 450ರಿಂದ 125 ಕಳೆದು 325 ಎಂದು ಬರೆದೂ ಇದ್ದನು. ಹಾಗಾದರೆ? ಕಂಪ್ಯೂಟರಿನಲ್ಲಿ ಹಾಳೆಯನ್ನು ತೆರೆದನು. ಆ ಹಾಳೆ ಅವನದಲ್ಲ. ಕಚೇರಿಯಲ್ಲಿ ಹಿರಿಯರು ವರ್ಷಗಳಿಂದ ಬಳಸುತ್ತಿದ್ದುದು. ತೊಲೆಯ ಸಾಲಿನಲ್ಲಿ ಗಾತ್ರದ ಮನೆಯ ಮೇಲೆ ಕ್ಲಿಕ್ ಮಾಡಿದಾಗ ಅದರ ಸೂತ್ರ ಕಾಣಿಸಿತು:

```
=C7*D7*(E7-$B$3)
```

C7 ಉದ್ದ, D7 ಅಗಲ, E7 ಆಳ. B3 ಮನೆಯಲ್ಲಿದ್ದುದು ಚಾವಣಿಯ ದಪ್ಪ. ಹಾಳೆ ಮಾಡಿದವರು ಒಟ್ಟು ಆಳವಾದ 0.45ನ್ನು ತುಂಬಬೇಕೆಂದೂ, ಕಳೆಯುವ ಕೆಲಸವನ್ನು ಸೂತ್ರವೇ ಮಾಡಲೆಂದೂ ಏರ್ಪಡಿಸಿದ್ದರು. ಆದರೆ ಆ ಅಂಕಣದ ತಲೆಯ ಮೇಲೆ ಇದ್ದುದು “ಆಳ” ಎಂದಷ್ಟೇ. ಯುವಕನು ಜಾಗರೂಕನಾಗಿ ತಾನೇ ಕಳೆದುಕೊಂಡಿದ್ದ 0.325ನ್ನು ತುಂಬಿದ್ದನು, ಸೂತ್ರವು ಅದರಿಂದ ಇನ್ನೊಮ್ಮೆ 0.125ನ್ನು ಕಳೆದು 0.2 ಮಾಡಿತ್ತು. ತೊಲೆಗಳ ಗಾತ್ರ 4.5 ಘನ ಮೀಟರ್ ಎಂದು ಬರಬೇಕಾದಲ್ಲಿ 2.8 ಎಂದು ಬಂದಿತ್ತು. ವ್ಯತ್ಯಾಸ 1.7.

ಲೆಕ್ಕ ಈಗ ಪೂರ್ತಿ ಕೂಡಿತು. ಚಾವಣಿಗೆ 10, ತೊಲೆಗಳಿಗೆ 4.5, ಊರೆ ಇಳಿದುದಕ್ಕೆ 0.8, ಉಳಿದ ಮೂರನೆಯ ಒಂದು ಘನ ಮೀಟರಿನಷ್ಟು, ನೂರಕ್ಕೆ ಎರಡು ಚಿಲ್ಲರೆ, ಸುರಿದು ಸೋರಿ ವ್ಯರ್ಥವಾದುದು, ಒಟ್ಟು 15.6. ಖಾಲಿ ಚೀಲಗಳು ಹೇಳಿದ್ದೂ ಅದನ್ನೇ.

ಗಮನಿಸತಕ್ಕ ಸಂಗತಿಯೊಂದಿದೆ. ಈ ತಪ್ಪು ಅಜ್ಞಾನದಿಂದ ಹುಟ್ಟಿದುದಲ್ಲ; ಇಬ್ಬರೂ ಒಂದೇ ಎಚ್ಚರಿಕೆಯನ್ನು ವಹಿಸಿದ್ದರಿಂದ ಹುಟ್ಟಿದುದು. ಚಾವಣಿಯನ್ನು ಎರಡು ಸಲ ಎಣಿಸಬಾರದೆಂದು ಹಾಳೆ ಮಾಡಿದವರು ಕಳೆದರು, ಅದೇ ಕಾರಣಕ್ಕೆ ತುಂಬಿದವನೂ ಕಳೆದನು. ಇಂಥ ತಪ್ಪನ್ನು ಅದೇ ಹಾಳೆಯಲ್ಲಿ ಮತ್ತೊಮ್ಮೆ ಕೂಡಿ ನೋಡಿ ಹಿಡಿಯುವುದು ಅಸಾಧ್ಯ. ಎಷ್ಟು ಸಲ ನೋಡಿದರೂ ಹಾಳೆ ಅದೇ ಉತ್ತರವನ್ನು ಕೊಡುತ್ತದೆ. ಅದನ್ನು ಹಿಡಿಯಬಲ್ಲುದು ಹಾಳೆಯ ಹೊರಗಿನ ಇನ್ನೊಂದು ದಾರಿಯ ಲೆಕ್ಕ ಮಾತ್ರ. ಆ ದಾರಿ ದೂರವಾಗಿಯೂ ಇರಲಿಲ್ಲ. ಐದು ಅಂಗುಲದ ಚಾವಣಿ ಚದರ ಮೀಟರಿಗೆ ಒಂದು ಚೀಲ: 80 ಚೀಲ. 230ರ ಅಗಲ, ಚಾವಣಿಯ ಕೆಳಗೆ 325ರ ಆಳವಿರುವ ತೊಲೆ ಮೀಟರ್ ಉದ್ದಕ್ಕೆ ಸುಮಾರು 0.6 ಚೀಲ: 60 ಮೀಟರಿಗೆ 36 ಚೀಲ. ಎರಡೂ ಸೇರಿ 116. ವ್ಯರ್ಥಕ್ಕೆ ನಾಲ್ಕು ಕೂಡಿದರೆ 120. ಹಾಳೆ 105 ಎಂದಾಗ ಈ ಬೆರಳೆಣಿಕೆ 120 ಎಂದಿದ್ದರೆ, ಹದಿನೈದು ಚೀಲದ ಭೇದವನ್ನು ಕಂಡ ಯಾವನೂ ಮೋಲ್ಡ್ ಹಾಕಲು ಹೊರಡುತ್ತಿರಲಿಲ್ಲ.

ಈ ಸುಲಭ ಲೆಕ್ಕಕ್ಕೂ ಮಿತಿಯುಂಟು. ಮಿಶ್ರಣ ಬದಲಾದರೆ ಎಂಟು ಚೀಲವೆಂಬುದು ಬದಲಾಗುತ್ತದೆ. ದಪ್ಪ ಆರು ಅಂಗುಲವಾದರೆ ಚದರ ಮೀಟರಿಗೆ ಒಂದೂ ಕಾಲು ಚೀಲದ ಹತ್ತಿರ ಬೇಕಾಗುತ್ತದೆ. ಸಜ್ಜ, ಮೆಟ್ಟಿಲು, ಬಚ್ಚಲಿನ ತಗ್ಗು ಇವು ಇದ್ದರೆ ಬೇರೆಯಾಗಿ ಸೇರಿಸಬೇಕು. ಕಾರ್ಖಾನೆಯಿಂದ ಸಿದ್ಧ ಕಾಂಕ್ರೀಟನ್ನು ತರಿಸುವವರಿಗೆ ಚೀಲದ ಎಣಿಕೆಯಿರುವುದಿಲ್ಲ. ಅವರು ಲಾರಿಯನ್ನು ತುಂಬಿದಾಗಲೂ ಬರಿದಾದಾಗಲೂ ತೂಗಿಸಿ, ವ್ಯತ್ಯಾಸವನ್ನು ಘನ ಮೀಟರಿಗೆ ಸುಮಾರು 2400 ಕಿಲೋಗ್ರಾಮಿನಂತೆ ಭಾಗಿಸಿ ಗಾತ್ರವನ್ನು ತಿಳಿಯಬೇಕು. ಸಾಧನ ಬೇರೆ, ಕ್ರಮ ಒಂದೇ: ಬಂದದ್ದೆಷ್ಟು, ಅಚ್ಚು ಹಿಡಿದದ್ದೆಷ್ಟು, ಕಾಗದ ಹೇಳಿದ್ದೆಷ್ಟು ಎಂಬ ಮೂರನ್ನೂ ಪ್ರತ್ಯೇಕವಾಗಿ ಅಳೆದು ಎದುರುಬದುರು ಇಡುವುದು.

ಯುವಕನು ಮಾಡಿದ ತಿದ್ದುಪಡಿಗಳು ಎರಡೇ. ಹಾಳೆಯ ಅಂಕಣದ ಹೆಸರನ್ನು “ಒಟ್ಟು ಆಳ, ಚಾವಣಿ ಸೇರಿ” ಎಂದು ಬದಲಿಸಿ, ಅದರ ಕೆಳಗೆ ಚೀಲದ ಬೆರಳೆಣಿಕೆಗೆ ಒಂದು ಸಾಲನ್ನು ಸೇರಿಸಿದನು. ಊರೆಗಳ ಕೆಳಗೆ ಹಲಗೆ ಹಾಕದೆ, ಸೆಂಟ್ರಿಂಗಿನ ಕೆಳಮೈಗೆ ದಾರ ಹಿಡಿದು ನೋಡದೆ ಕಂಬಿ ಕಟ್ಟಲು ಬಿಡಕೂಡದೆಂದು ನಿಯಮ ಮಾಡಿದನು. ಮನೆಯೊಡೆಯನಿಗೆ ಲೆಕ್ಕವನ್ನೆಲ್ಲ ಬರೆದು ತೋರಿಸಿ, ಮೇಸ್ತ್ರಿಯ ಎದುರಿನಲ್ಲಿಯೇ, “ಚೀಲ ಎಲ್ಲೂ ಹೋಗಿಲ್ಲ ಸಾರ್, ತಪ್ಪು ನನ್ನ ಹಾಳೆಯಲ್ಲಿತ್ತು” ಎಂದು ಹೇಳಿದನು.

ಮನೆ ಕಟ್ಟಿಸುತ್ತಿರುವ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮೋಲ್ಡ್ ಹಾಕುವ ಹಿಂದಿನ ದಿನ ಕೆಲವು ಅಳತೆಗಳನ್ನು ಕೇಳಿ ಬರೆದುಕೊಳ್ಳಿ: ಚಾವಣಿ ಎಷ್ಟು ಚದರ ಮೀಟರ್, ದಪ್ಪವೆಷ್ಟು, ತೊಲೆಗಳು ಒಟ್ಟು ಎಷ್ಟು ಉದ್ದ, ಅವುಗಳ ಅಗಲವೂ ಚಾವಣಿಯ ಕೆಳಗಿನ ಆಳವೂ ಎಷ್ಟು. ಅವುಗಳಿಂದ ಚೀಲಗಳನ್ನು ನೀವೇ ಲೆಕ್ಕ ಹಾಕಿ, ಮೇಲ್ವಿಚಾರಕನ ಅಂಕಿಯೊಡನೆ ಹೋಲಿಸಿ. ಕೆಲಸ ನಡೆಯುವಾಗ ಖಾಲಿ ಚೀಲಗಳನ್ನು ಎಸೆಯಗೊಡದೆ ಒಂದೆಡೆ ಕಟ್ಟಿಡಿಸಿ. ಸಾಮಗ್ರಿ ಕಡಮೆಬಿದ್ದರೆ, ಯಾರನ್ನಾದರೂ ಸಂಶಯದಿಂದ ನೋಡುವ ಮೊದಲು ಆ ಚೀಲಗಳನ್ನು ಎಣಿಸಿ.